ಕೇಬಲ್ ಗಟ್ಟಿ, ಹಿಡಿದಿದ್ದ ಕ್ಲಿಪ್ ಪ್ಲಾಸ್ಟಿಕ್ಕು

2010ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಶರ್ಲಿ ಟವರ್ಸ್ ಎಂಬ ಬಹುಮಹಡಿ ವಸತಿ ಕಟ್ಟಡದ ಒಂದು ಮನೆಗೆ ಬೆಂಕಿ ಬಿತ್ತು. ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಜೀವ ಕಳೆದುಕೊಂಡರು. ಕೇಬಲ್‌ಗಳನ್ನು ಹಿಡಿದಿದ್ದ ಪ್ಲಾಸ್ಟಿಕ್ ಟ್ರಂಕಿಂಗ್ ಕಾವಿಗೆ ಸೋತು, ಜೋತುಬಿದ್ದ ಕೇಬಲ್‌ಗಳು ಒಳಗಿದ್ದವರ ಮೈಗೆ ಸುತ್ತಿಕೊಂಡಿದ್ದವು. ಆಮೇಲೆ ಬ್ರಿಟನ್ನಿನ ವೈರಿಂಗ್ ನಿಯಮಗಳು ಬದಲಾದವು: ಬೆಂಕಿಯಲ್ಲಿ ಬೇಗ ಕುಸಿಯುವ ಆಧಾರದ ಮೇಲೆ ಕೇಬಲ್ ನಿಲ್ಲಿಸುವಂತಿಲ್ಲ.

ಬೆಂಕಿ ಬಿದ್ದಾಗಲೂ ಓಡಬೇಕಾದ ಅಲಾರಂ, ಹೊಗೆ ಫ್ಯಾನಿನಂಥ ಅಪಾಯಕಾಲದ ಸರ್ಕ್ಯೂಟುಗಳಲ್ಲಿ ಇದೇ ತಪ್ಪು ಇನ್ನೊಂದು ರೀತಿ ಕಾಡುತ್ತದೆ. ಬೆಂಕಿ ತಡೆಯುವ ಕೇಬಲ್‌ನಲ್ಲಿ ತಾಮ್ರದ ತಂತಿಗೆ ಅಭ್ರಕದ ಪಟ್ಟಿ ಸುತ್ತಿರುತ್ತಾರೆ. ಮೇಲಿನ ಹೊದಿಕೆ ಸುಟ್ಟುಹೋದರೂ ಅಭ್ರಕ ತಂತಿಗಳನ್ನು ಒಂದಕ್ಕೊಂದು ತಾಗಗೊಡುವುದಿಲ್ಲ. ಆದರೆ ಆ ಹಂತದಲ್ಲಿ ಅದು ಬಲು ಪೆಡಸು. ಕೇಬಲ್ ಬಾಗಿದರೆ ಬಿರುಕು ಬಿಟ್ಟು ಶಾರ್ಟ್ ಆಗುತ್ತದೆ.

ಎಷ್ಟು ಹೊತ್ತು ತಡೆಯಬೇಕು ಎಂಬುದನ್ನು ಕೆಲಸ ನೋಡಿ ತೀರ್ಮಾನಿಸಬೇಕು. ಎಲ್ಲರೂ ಒಮ್ಮೆಗೇ ಹೊರಬರುವ ಕಟ್ಟಡದ ಅಲಾರಂಗೆ ಸಾಮಾನ್ಯವಾಗಿ 30 ನಿಮಿಷ ಸಾಕು. ಹಂತಹಂತವಾಗಿ ಜನರನ್ನು ಇಳಿಸುವ ಎತ್ತರದ ಕಟ್ಟಡದಲ್ಲಿ, ಅಥವಾ ಅಗ್ನಿಶಾಮಕರು ಒಳಗಿರುವಾಗಲೂ ಓಡಬೇಕಾದ ಹೊಗೆ ಎಳೆಯುವ ಫ್ಯಾನಿಗೆ, 120 ನಿಮಿಷ ಬೇಕಾಗುತ್ತದೆ. ಕೇಬಲ್‌ಗೆ ಹೇಳಿದ ಈ ಹೊತ್ತು ಅದನ್ನು ಹೊರುವ ಟ್ರೇ, ಕ್ಲಿಪ್, ಟ್ರೇಯನ್ನು ತೂಗುಹಾಕುವ ರಾಡ್, ಕಾಂಕ್ರೀಟಿನೊಳಗೆ ಕಚ್ಚುವ ಆಂಕರ್ ಎಲ್ಲಕ್ಕೂ ಅನ್ವಯ.

ಪ್ರಮಾಣಿತ ಬೆಂಕಿ ಪರೀಕ್ಷೆಯ ಕುಲುಮೆ ಒಂದು ಗಂಟೆಗೆ ಸುಮಾರು 945 ಡಿಗ್ರಿ, ಎರಡು ಗಂಟೆಗೆ ಸುಮಾರು 1049 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಅಲ್ಯೂಮಿನಿಯಂ 660ಕ್ಕೇ ಕರಗಿರುತ್ತದೆ. ಉಕ್ಕು ಕರಗುವುದಿಲ್ಲ, ಆದರೆ ತಾಕತ್ತು ಕಳೆದುಕೊಳ್ಳುತ್ತದೆ. ಅದಕ್ಕೇ ಜರ್ಮನ್ ಪದ್ಧತಿಯಲ್ಲಿ 120 ನಿಮಿಷದ ಲೆಕ್ಕಕ್ಕೆ ತೂಗುರಾಡಿನ ಪ್ರತಿ ಚದರ ಮಿಲಿಮೀಟರಿಗೆ 6 ನ್ಯೂಟನ್ ಎಳೆತವಷ್ಟೇ ಬಿಡುತ್ತಾರೆ.

ಒಂದು ಲೆಕ್ಕ ಹಾಕೋಣ. ಟ್ರೇ ಮತ್ತು ಕೇಬಲ್ ಸೇರಿ ಮೀಟರಿಗೆ 15 ಕಿಲೋ, ಪ್ರತಿ ಆಧಾರಕ್ಕೂ ಎರಡು ಎಂ8 ರಾಡ್. ರಾಡಿನ ಲೆಕ್ಕದ ಅಡ್ಡಕೊಯ್ತ 36.6 ಚದರ ಮಿ.ಮೀ. ಆಧಾರಗಳ ನಡುವೆ 3 ಮೀಟರ್ ಬಿಟ್ಟರೆ ಪ್ರತಿ ರಾಡಿಗೆ 22.5 ಕಿಲೋ ಬೀಳುತ್ತದೆ, ಎಳೆತ 6 ದಾಟುತ್ತದೆ. ಅಂತರವನ್ನು 1.2 ಮೀಟರಿಗೆ ಇಳಿಸಿದರೆ 9 ಕಿಲೋ, ಎಳೆತ ಸುಮಾರು 2.4. ಜರ್ಮನಿಯ ಡಿಐಎನ್ 4102-12 ಮಾನದಂಡ ಟ್ರೇಗಳಿಗೆ ಇಟ್ಟಿರುವ ಪ್ರಮಾಣಿತ ಅಂತರವೂ 1.2 ಮೀಟರೇ. ರಾಡು ಹೇಗೋ ತಡೆದರೂ, 3 ಮೀಟರ್ ಅಂತರದಲ್ಲಿ ಕೆಂಪಗೆ ಕಾದ ಟ್ರೇ ತೊಟ್ಟಿಲಿನಂತೆ ಜೋಲುತ್ತದೆ, ಮೇಲಿನ ಕೇಬಲ್‌ಗಳೂ ಅದರೊಂದಿಗೆ ಬಾಗುತ್ತವೆ. ಟ್ರೇ ಕಂಪನಿಗಳ ಪಟ್ಟಿಯಲ್ಲಿರುವ ಅಂತರ ತಣ್ಣಗಿರುವ ಉಕ್ಕಿನದು ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ.

ಲಂಬವಾಗಿ ಏರುವ ಕೇಬಲ್‌ಗೆ ಅದೇ ಪದ್ಧತಿ 3.5 ಮೀಟರಿಗೊಮ್ಮೆ ಭಾರ ಹೊರುವ ಹಿಡಿತ ಕೇಳುತ್ತದೆ. ಇಲ್ಲವಾದರೆ ಹೊದಿಕೆ ಸುಟ್ಟ ಮೇಲೆ ಕೇಬಲ್ ತನ್ನ ಭಾರಕ್ಕೇ ಕೆಳಗೆ ಜಾರುತ್ತದೆ.

ಕೆಲಸ ಮುಗಿದ ಜಾಗದಲ್ಲಿ ನಾನು ಮೊದಲು ಏಣಿ ಹತ್ತಿ ಒಂದು ಸ್ಕ್ರೂ ಬಿಚ್ಚಿಸುತ್ತೇನೆ. ಹೊರಗೆ ತಾಮ್ರದ ಕ್ಲಿಪ್ ಹೊಳೆಯುತ್ತಿರುತ್ತದೆ, ಕಾಂಕ್ರೀಟಿನ ತೂತಿನೊಳಗೆ ಪ್ಲಾಸ್ಟಿಕ್ ಪ್ಲಗ್ ಕೂತಿರುತ್ತದೆ. ಆಮೇಲೆ ಟ್ರೇಗಿಂತ ಮೇಲೆ ಏನು ತೂಗುತ್ತಿದೆ ಎಂದು ನೋಡುತ್ತೇನೆ. ಬೆಂಕಿಗೆ ನಿಲ್ಲದ ಗಾಳಿಕೊಳವೆ ಅಲ್ಲಿದ್ದರೆ, ಅದು ಕಳಚಿ ಬೀಳುವುದು ಈ ಕೇಬಲ್‌ನ ಮೇಲೆಯೇ.