ಒಬ್ಬರೇ ಡಿಬಿಎ, ನಾಲ್ಕು ಕೆಲಸ: ಸ್ಮೂದಿಂಗ್ ಎಲ್ಲಿಯವರೆಗೆ, ಲೆವೆಲಿಂಗ್ ಎಲ್ಲಿಂದ

ಒಬ್ಬರ ಮೇಲೆ ಒಂದೇ ಸಮಯಕ್ಕೆ ಹಲವು ಕೆಲಸ ಬಿದ್ದಾಗ ಹೊರೆಯನ್ನು ಹೊಂದಿಸುವ ಎರಡು ದಾರಿಗಳು ಸ್ಮೂದಿಂಗ್ ಮತ್ತು ಲೆವೆಲಿಂಗ್. ಸ್ಮೂದಿಂಗ್‌ನಲ್ಲಿ ಯೋಜನೆಯ ಮುಕ್ತಾಯ ದಿನ ಕದಲುವುದಿಲ್ಲ. ಕೆಲಸಗಳನ್ನು ಅವುಗಳ ಫ್ಲೋಟ್‌ನೊಳಗೆ, ಅಂದರೆ ಮುಕ್ತಾಯ ದಿನ ಕೆಡದಂತೆ ಅವು ಕಾಯಬಹುದಾದ ದಿನಗಳೊಳಗೆ ಮಾತ್ರ ಸರಿಸಬಹುದು. ಲೆವೆಲಿಂಗ್‌ನಲ್ಲಿ ವ್ಯಕ್ತಿಯ ಮಿತಿಯೇ ಕದಲುವುದಿಲ್ಲ. ಅಗತ್ಯಬಿದ್ದರೆ ಮುಕ್ತಾಯ ದಿನವೇ ಮುಂದೆ ಹೋಗುತ್ತದೆ. ಯಾವಾಗ ಯಾವುದು ಎಂಬುದನ್ನು ಒಂದು ಲೆಕ್ಕದಿಂದ ನೋಡೋಣ.

ಡೇಟಾ ವರ್ಗಾವಣೆಯ ಯೋಜನೆಯೊಂದರಲ್ಲಿ ಸ್ಕೀಮಾ ವಿನ್ಯಾಸಕ್ಕೆ 4 ದಿನ, ಅದರ ನಂತರ ವರ್ಗಾವಣೆಗೆ 6 ದಿನ, ಆಮೇಲೆ ಪರೀಕ್ಷೆಗೆ 5 ದಿನ ಬೇಕು. ಈ 15 ದಿನಗಳ ಸಾಲೇ ಕ್ರಿಟಿಕಲ್ ಪಾತ್, ಅಂದರೆ ಯೋಜನೆಯ ಅವಧಿಯನ್ನು ನಿರ್ಧರಿಸುವ ಅತಿ ಉದ್ದದ ಸಾಲು. ರಿಪೋರ್ಟ್ ಕ್ವೆರಿಗಳ ಪರಿಷ್ಕರಣೆಯನ್ನು (3 ದಿನ) ಪರೀಕ್ಷೆಗೆ ಮುನ್ನ ಮುಗಿಸಬೇಕು. ಬ್ಯಾಕಪ್ ವ್ಯವಸ್ಥೆಯನ್ನು (5 ದಿನ) ಯೋಜನೆ ಮುಗಿಯುವುದರೊಳಗೆ ಮಾಡಿದರೆ ಸಾಕು. ಇವೆರಡನ್ನೂ ಮೊದಲ ದಿನವೇ ಆರಂಭಿಸಬಹುದು. ಪರೀಕ್ಷೆ ಪರೀಕ್ಷಕರದು, ಉಳಿದ ನಾಲ್ಕೂ ಡೇಟಾಬೇಸ್ ನೋಡಿಕೊಳ್ಳುವ ಒಬ್ಬರೇ ಡಿಬಿಎ ಅವರವು.

ಬ್ಯಾಕಪ್‌ಗೆ 10 ದಿನಗಳ ಫ್ಲೋಟ್ ಇದೆ. ಪರೀಕ್ಷೆ ನಡೆಯುವ 11ರಿಂದ 15ನೇ ದಿನದವರೆಗೆ ಡಿಬಿಎ ಬಿಡುವಾಗಿರುವುದರಿಂದ ಅದನ್ನು ಅಲ್ಲಿಗೆ ಸರಿಸಿದರಾಯಿತು. ಇದು ಅಪ್ಪಟ ಸ್ಮೂದಿಂಗ್.

ತೊಡಕಿರುವುದು ಕ್ವೆರಿ ಕೆಲಸದಲ್ಲಿ. ಅದಕ್ಕೂ 7 ದಿನಗಳ ಫ್ಲೋಟ್ ಇರುವುದರಿಂದ ಸ್ಮೂದಿಂಗ್ ಸಾಕೆನಿಸುತ್ತದೆ, ಆದರೆ ಫ್ಲೋಟ್ ಹೇಳುವುದು ಕೆಲಸ ಎಷ್ಟು ಕಾಯಬಹುದು ಎಂಬುದನ್ನೇ ಹೊರತು ಅದನ್ನು ಮಾಡುವವರು ಯಾವಾಗ ಬಿಡುವಾಗುತ್ತಾರೆ ಎಂಬುದನ್ನಲ್ಲ. ಕ್ವೆರಿ ಕೆಲಸ ಇರಬೇಕಾದದ್ದು 1ರಿಂದ 10ನೇ ದಿನದೊಳಗೆ. ಆ ಹತ್ತು ದಿನಗಳಲ್ಲಿ ಡಿಬಿಎ ಮೇಲಿರುವ ಹೊರೆ 4+6+3, ಅಂದರೆ 13 ದಿನ. ಹತ್ತರ ಜಾಗದಲ್ಲಿ ಹದಿಮೂರು ಹಿಡಿಸದು. ಇಡೀ ಯೋಜನೆಯ ಮೊತ್ತವನ್ನು ಮಾತ್ರ ನೋಡಿದರೆ ಇದು ತಪ್ಪಿಹೋಗಬಹುದು: ಬ್ಯಾಕಪ್ ಕೆಲಸ ಬೇರೆಯವರದಾಗಿದ್ದರೆ ಒಟ್ಟು ಹೊರೆ 13, ಅವಧಿ 15, ಮೊತ್ತ ಸರಿಯಾಗಿ ಕಂಡರೂ ಈ ಹತ್ತು ದಿನಗಳ ಕಿಂಡಿಯಲ್ಲಿ ಕೆಲಸ ಕೂರುವುದಿಲ್ಲ. ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲಿ `Level only within available slack` ಗುರುತಿಸಿ ಲೆವೆಲ್ ಮಾಡಿದಾಗಲೂ ಅತಿಹೊರೆ ಉಳಿಯುವುದು ಇದೇ ಕಾರಣಕ್ಕೆ.

ಹಾಗಾಗಿ ಲೆವೆಲಿಂಗ್ ಅನಿವಾರ್ಯ: ಕ್ವೆರಿ 11ರಿಂದ 13, ಪರೀಕ್ಷೆ ಮತ್ತು ಬ್ಯಾಕಪ್ ಎರಡೂ 14ರಿಂದ 18. ಮೂರು ದಿನ ತಡ. ಡಿಬಿಎಗೆ ಒಂದು ದಿನವೂ ಬಿಡುವಿಲ್ಲ.

ಈಗ ವೇಳಾಪಟ್ಟಿಯನ್ನು ನೋಡಿದರೆ ವಿಚಿತ್ರವೊಂದು ಕಾಣುತ್ತದೆ. ಪರೀಕ್ಷೆ ಮೂರು ದಿನ ಮುಂದೆ ಹೋಗಿರುವುದರಿಂದ ವಿನ್ಯಾಸ ಮತ್ತು ವರ್ಗಾವಣೆಗೆ ತಲಾ 3 ದಿನಗಳ ಫ್ಲೋಟ್ ಕಾಣಿಸಿಕೊಳ್ಳುತ್ತದೆ. ಇದು ಹುಸಿ ಫ್ಲೋಟ್. ವರ್ಗಾವಣೆ ಒಂದು ದಿನ ತಡವಾದರೆ ಡಿಬಿಎ ಕೈಗೆ ಕ್ವೆರಿ ಕೆಲಸ ಒಂದು ದಿನ ತಡವಾಗಿಯೇ ಸಿಗುತ್ತದೆ, ಮುಕ್ತಾಯವೂ ಅಷ್ಟೇ ಹಿಂದೆ ಬೀಳುತ್ತದೆ. ತಂತ್ರಾಂಶಕ್ಕೆ ಈ ಎರಡು ಕೆಲಸಗಳ ನಡುವೆ ಕೊಂಡಿಯಿದೆಯೆಂದು ತಿಳಿದಿರುವುದಿಲ್ಲ, ಅಷ್ಟೆ. ನನಗೆ ಹಿಡಿಸಿದ ಪರಿಹಾರವೆಂದರೆ ವರ್ಗಾವಣೆ ಮುಗಿದ ಮೇಲೆಯೇ ಕ್ವೆರಿ ಎಂಬ ಕೊಂಡಿಯನ್ನು ಕೈಯಾರೆ ಹಾಕಿ, ಅದು ಡಿಬಿಎ ಕಾರಣಕ್ಕೆ ಹಾಕಿದ್ದು ಎಂದು ಟಿಪ್ಪಣಿ ಬರೆದಿಡುವುದು. ನಾಳೆ ಎರಡನೇ ಡಿಬಿಎ ಬಂದರೆ ಮೊದಲು ಕಿತ್ತುಹಾಕಬೇಕಾದದ್ದು ಆ ಕೊಂಡಿಯನ್ನೇ.