ಹೆಸರು ಅಳಿಸಿದರೂ ಆಳು ಸಿಗುತ್ತಾರೆ

ಗ್ರಾಹಕರ ಸಲಹಾ ಸಭೆಯ ವರದಿಯಿಂದ ಹೆಸರು ತೆಗೆದರೆ ಸಾಕು, ಯಾರಿಗೂ ತೊಂದರೆಯಿಲ್ಲ ಎಂದು ನಂಬುವವರು ಬಹಳ. ಎಂಟು-ಹತ್ತು ಜನ ಕೂತ ಸಭೆಯಲ್ಲಿ ಅದು ಸಾಲುವುದಿಲ್ಲ. ಊರು, ಹೊಲದ ಅಳತೆ, ಮಾತಿನ ಧಾಟಿ, ಯಾವುದೊಂದು ಸಿಕ್ಕರೂ ಆಳು ಸಿಕ್ಕಂತೆಯೇ.

ಕಲಬುರಗಿಯಲ್ಲಿ ಬೀಜ ಕಂಪನಿಯೊಂದು ಒಂಬತ್ತು ತೊಗರಿ ರೈತರನ್ನು ಕೂರಿಸಿ ಮಾತಾಡಿಸಿತ್ತು. (ಗುರುತು ಸಿಗದಿರಲೆಂದು ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ.) ಕೇಳಿದ್ದು ನೆಟೆ ರೋಗ ತಡೆಯುವ ಬೀಜದ ಬಗ್ಗೆ, ಮಾತು ಹೊರಳಿದ್ದು ಅಂಗಡಿಯ ಕಡೆ. ಸಭೆಯಲ್ಲಿದ್ದ ಒಬ್ಬಳೇ ಹೆಣ್ಣುಮಗಳು ಹೇಳಿದಳು: “ಬೀಜ ಬೇಕಂದ್ರ ಈ ಎಣ್ಣಿನೂ ಒಯ್ರಿ ಅಂತಾನ. ಉದ್ರಿ ಒಯ್ಯೋರು ನಾವು. ಒಲ್ಲೆ ಅಂದ್ರ ಮುಂದಿನ ಸಲ ಬೀಜಾನೇ ಕೊಡಂಗಿಲ್ಲ.” ಎಣ್ಣಿ ಅಂದರೆ ಬೆಳೆಗೆ ಹೊಡೆಯುವ ಔಷಧಿ. ನಾಲ್ವರು ಹೌದೆಂದರು. ಸೇಡಂ ಕಡೆಯ ಒಬ್ಬರು, ತಮ್ಮ ಅಂಗಡಿಯವನು ಹಾಗೆ ಮಾಡುವುದಿಲ್ಲ ಎಂದರು.

ನಮ್ಮ ಕರಡು ವರದಿಯಲ್ಲಿ ‘ಅಫಜಲಪುರದ ರೈತ ಮಹಿಳೆ’ ಎಂದಿತ್ತು. ವರದಿ ಮಾರಾಟ ವಿಭಾಗಕ್ಕೆ ಹೋಗುತ್ತದೆ, ಅಲ್ಲಿಂದ ಅಂಗಡಿಯವನ ಕಿವಿಗೆ ಬೀಳುವುದು ತಡವಲ್ಲ. ಆಮೇಲೆ ಆಕೆಗೆ ಉದ್ರಿ ಸಿಗುತ್ತದೆಯೇ?

ನಾನು ಮೊದಲು ಮಾಡುವ ಕೆಲಸ ಮಾತನ್ನು ಬಿಡಿಸುವುದು. ಒಂದು ಚೀಟಿಗೆ ಒಂದೇ ವಿಷಯ. ಆಕೆಯ ಮಾತಿನಲ್ಲಿ ಮೂರಿವೆ: ಬೀಜದ ಜೊತೆ ಬೇರೆ ಸರಕಿನ ಒತ್ತಾಯ, ಉದ್ರಿಯ ಅವಲಂಬನೆ, ಬೀಜ ತಪ್ಪುವ ಭಯ. ಒಟ್ಟಿಗಿದ್ದರೆ ಅದು ಒಬ್ಬಳ ಕತೆ. ಬೇರೆಬೇರೆಯಾಗಿ, ಇತರರ ಚೀಟಿಗಳ ಜೊತೆ ಸೇರಿದರೆ ಅದು ವಿಷಯವಾಗುತ್ತದೆ. ಹೆಸರಿನ ಬದಲು ಹಾಕುವ ‘ರೈತ 4’ ಎಂಬಂಥ ಸಂಕೇತವನ್ನೂ ವರದಿಗೆ ಬಿಡಬಾರದು. ನಾಲ್ಕು ಕಡೆ ಅದೇ ಅಂಕಿ ಕಂಡರೆ ಓದುವವರು ತುಂಡುಗಳನ್ನು ಜೋಡಿಸಿಬಿಡುತ್ತಾರೆ.

ಆಮೇಲೆ ಚೀಟಿಗಳನ್ನು ಗುಂಪು ಮಾಡುತ್ತೇನೆ. ನಾವು ಕೇಳಿದ ಪ್ರಶ್ನೆಗಳ ಪ್ರಕಾರವಲ್ಲ, ಅವರು ಎತ್ತಿದ ವಿಷಯದ ಪ್ರಕಾರ. ‘ಅಂಗಡಿ ಸಮಸ್ಯೆ’ ಎಂಬ ತಲೆಬರಹದಿಂದ ಯಾರಿಗೂ ಏನೂ ತಿಳಿಯದು. ಕೊನೆಗೆ ನಾವು ಬರೆದದ್ದು ಹೀಗೆ: ‘ಬೀಜದ ಜೊತೆ ಔಷಧಿಯನ್ನೂ ಕೊಳ್ಳಬೇಕಾಗುತ್ತದೆ ಎಂದು ಹಲವರು ಹೇಳಿದರು, ಸಾಲದ ಮೇಲೆ ಕೊಳ್ಳುವಾಗ ಬೇಡವೆನ್ನುವುದು ಕಷ್ಟ. ಎಲ್ಲ ಅಂಗಡಿಗಳಲ್ಲೂ ಹೀಗಿಲ್ಲ ಎಂಬ ಮಾತೂ ಬಂತು.’ ಭಿನ್ನ ಮಾತನ್ನು ಬಿಟ್ಟಿದ್ದರೆ ಅದು ವರದಿಯಲ್ಲ, ದೂರು.

ಆಕೆಯ ಮಾತನ್ನು ಅವಳದೇ ಭಾಷೆಯಲ್ಲಿ ಹಾಕುವ ಆಸೆ ನನಗೂ ಇತ್ತು, ಅದರ ಕಸುವೇ ಬೇರೆ. ಆದರೆ ನಮ್ಮ ಭಾಗದಲ್ಲಿ ನಾಲ್ಕು ಮಾತು ಕೇಳಿದರೆ ಊರು ಗೊತ್ತಾಗುತ್ತದೆ. ಸರಳಗನ್ನಡಕ್ಕೆ ತಿರುಗಿಸಿ, ಉದ್ಧರಣ ಚಿಹ್ನೆ ತೆಗೆದೆವು. ಶೇಕಡಾವಾರು ಲೆಕ್ಕವನ್ನೂ ಹಾಕಲಿಲ್ಲ. ಒಂಬತ್ತು ಜನರಲ್ಲಿ ತಲೆಯಾಡಿಸಿದ್ದು ಮತವಲ್ಲ, ಸುಮ್ಮನಿದ್ದದ್ದು ಒಪ್ಪಿಗೆಯೂ ಅಲ್ಲ.

ಕಂಪನಿಗೆ ಕಳಿಸುವ ಮುನ್ನ, ಸಭೆಯಲ್ಲಿ ಕೂತಿದ್ದ ಸಹೋದ್ಯೋಗಿಯೊಬ್ಬರಿಗೆ ಕರಡು ಕೊಟ್ಟು ಪ್ರತಿ ಸಾಲಿಗೂ ಕೇಳುತ್ತೇನೆ: ಇದು ಯಾರ ಮಾತು? ಥಟ್ಟನೆ ಒಬ್ಬರ ಹೆಸರು ಬಂದರೆ ಆ ಸಾಲನ್ನು ಮತ್ತೆ ಬರೆಯಬೇಕು. ಒಬ್ಬರೇ ಹೇಳಿದ, ಅವರ ಬಾಳಿಗೇ ಅಂಟಿದ ವಿಷಯವಾದರೆ ಅವರಿಗೆ ಫೋನ್ ಮಾಡಿ ಒಪ್ಪಿಗೆ ಕೇಳುತ್ತೇನೆ. ಬೇಡ ಎಂದರೆ, ಎಷ್ಟೇ ಬೆಲೆಯುಳ್ಳ ಮಾತಾದರೂ ತೆಗೆಯುತ್ತೇನೆ.

ಇಷ್ಟಾದರೂ ಜೊತೆಗೆ ಕೂತ ಎಂಟು ಮಂದಿಗೆ ಯಾರು ಏನಂದರೆಂದು ಗೊತ್ತೇ ಇರುತ್ತದೆ. ಅದನ್ನು ಯಾವ ವರದಿಯೂ ಮುಚ್ಚಲಾರದು. ಆದ್ದರಿಂದ ಚಹಾ ಕೊಡುವ ಮೊದಲೇ ಅದನ್ನು ಅವರಿಗೆ ಬಿಡಿಸಿ ಹೇಳಿ, ಇಲ್ಲಿಯ ಮಾತು ಹೊರಗೆ ಆಡಬೇಡಿ ಎಂದು ಎಲ್ಲರನ್ನೂ ಕೇಳಿಕೊಳ್ಳುತ್ತೇನೆ.