ಮಾಲು ತಲುಪಿದೆ, ಬಿಲ್ಲೂ ಕೊಟ್ಟಿದ್ದೇವೆ. ದುಡ್ಡು ಯಾಕೆ ನಿಂತಿದೆ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಮಷಿನ್ ಶಾಪ್. ಒಂದು ಪಂಪ್ ಕಂಪನಿಗೆ 500 ಬ್ರ್ಯಾಕೆಟ್ ಮಾಡಿಕೊಟ್ಟು ತಿಂಗಳು ದಾಟಿತು. ಆರ್ಡರ್ ಆದಾಗ ಒಂದಕ್ಕೆ 240 ರೂಪಾಯಿ. ಆಮೇಲೆ ಸ್ಟೀಲ್ ರೇಟು ಏರಿತು ಅಂತ ಅವರ ಪರ್ಚೇಸ್‌ನವರ ಜೊತೆ ಫೋನಿನಲ್ಲಿ ಮಾತಾಡಿ 248ಕ್ಕೆ ಬಿಲ್ ಮಾಡಿದೆವು. 20 ಪೀಸ್ ರಿಜೆಕ್ಟ್ ಆಗಿದೆ ಅಂತ ಈಗ ಬಾಯಿಮಾತಿನಲ್ಲಿ ಹೇಳುತ್ತಿದ್ದಾರೆ. ಅಕೌಂಟ್ಸ್‌ಗೆ ಕೇಳಿದರೆ ‘ಮ್ಯಾಚ್ ಆಗ್ತಿಲ್ಲ ಸರ್, ಬ್ಲಾಕ್ ಆಗಿದೆ’ ಅಂತಾರೆ. 480 ಪೀಸಿನ ದುಡ್ಡಾದರೂ ಕೊಡಬಹುದಲ್ಲ?

ಉತ್ತರ: ಅಕೌಂಟ್ಸ್‌ನವರು ನಿಮ್ಮ ಬಿಲ್ಲನ್ನು ಒಂಟಿಯಾಗಿ ನೋಡುವುದಿಲ್ಲ. ಅವರ ಮುಂದೆ ಮೂರು ಕಾಗದ ಇರುತ್ತವೆ: ಪರ್ಚೇಸ್ ವಿಭಾಗ ಕೊಟ್ಟ ಖರೀದಿ ಆದೇಶ ಅಂದರೆ ಪಿಒ, ಸ್ಟೋರ್ಸ್ ಮಾಡಿದ ಮಾಲು ಸ್ವೀಕೃತಿ ಚೀಟಿ ಅಂದರೆ ಜಿಆರ್‌ಎನ್, ನಿಮ್ಮ ಬಿಲ್ಲು. ಏನನ್ನು ಯಾವ ದರಕ್ಕೆ ಕೇಳಿದ್ದೆವು ಅಂತ ಮೊದಲನೆಯದು ಹೇಳುತ್ತದೆ, ಎಷ್ಟು ಬಂದು ಎಷ್ಟು ಪಾಸಾಯಿತು ಅಂತ ಎರಡನೆಯದು. ನಿಮ್ಮ ಬಿಲ್ಲು ದರದಲ್ಲಿ ಪಿಒಗೆ, ಸಂಖ್ಯೆಯಲ್ಲಿ ಜಿಆರ್‌ಎನ್‌ಗೆ ಹೊಂದಬೇಕು. ನಿಮ್ಮದು ಎರಡಕ್ಕೂ ಹೊಂದಿಲ್ಲ.

ಈ ಕಾಗದಗಳು ಹುಟ್ಟುವ ದಾರಿ ಹೀಗೆ. ಪ್ರೊಡಕ್ಷನ್‌ನವರು ಬ್ರ್ಯಾಕೆಟ್ ಬೇಕು ಅಂತ ಇಂಡೆಂಟ್ ಹಾಕುತ್ತಾರೆ. ಅದು ಕಂಪನಿಯ ಒಳಗಿನ ಕೋರಿಕೆ ಅಷ್ಟೇ, ಅದನ್ನು ನಂಬಿ ನೀವು ಮಾಲು ಮಾಡುವ ಹಾಗಿಲ್ಲ. ಮೇಲಿನವರು ಒಪ್ಪಿದ ಮೇಲೆ ಪರ್ಚೇಸ್‌ನವರು ಕೊಟೇಶನ್ ತರಿಸಿ ಪಿಒ ಕಳಿಸುತ್ತಾರೆ. ಮಾಲು ಗೇಟಿಗೆ ಬಂದಾಗ ಸೆಕ್ಯುರಿಟಿಯವರ ಎಂಟ್ರಿ, ಸ್ಟೋರ್ಸ್‌ನಲ್ಲಿ ಎಣಿಕೆ, ಕ್ವಾಲಿಟಿಯವರ ತಪಾಸಣೆ, ಆಮೇಲೆ ಜಿಆರ್‌ಎನ್. ಬಿಲ್ಲು ಅಕೌಂಟ್ಸ್‌ಗೆ ಹೋಗಿ ಮೂರೂ ಹೊಂದಿದರೆ ಪೇಮೆಂಟ್ ಪಟ್ಟಿಗೆ ಸೇರುತ್ತದೆ. ಕೇಳುವವನು, ಕೊಳ್ಳುವವನು, ಎಣಿಸುವವನು, ದುಡ್ಡು ಕೊಡುವವನು ಬೇರೆ ಬೇರೆ ಇರಬೇಕು ಅನ್ನುವುದೇ ಈ ಏರ್ಪಾಟಿನ ಜೀವಾಳ.

ನಿಮ್ಮ ಲೆಕ್ಕ ನೋಡೋಣ. ಬಿಲ್ಲಿನಲ್ಲಿ 500 ಪೀಸ್, 248ರಂತೆ 1,24,000 ರೂಪಾಯಿ. ಶೇ 18 ಜಿಎಸ್‌ಟಿ ಸೇರಿ 1,46,320. ಅವರ ಕಂಪ್ಯೂಟರಿನಲ್ಲಿ ಪಿಒ ದರ ಇನ್ನೂ 240, ಪಾಸಾಗಿರುವುದು 480. ಅದರ ಪ್ರಕಾರ ಕೊಡಬೇಕಾದ್ದು 1,15,200, ತೆರಿಗೆ ಸೇರಿ 1,35,936. ನಡುವೆ 10,384 ರೂಪಾಯಿ ಅಂತರ. ಸಣ್ಣಪುಟ್ಟ ವ್ಯತ್ಯಾಸವನ್ನು ಬಿಟ್ಟುಬಿಡಲು ಎಷ್ಟೋ ಕಂಪನಿಗಳು ಒಂದು ಮಿತಿ ಇಟ್ಟುಕೊಂಡಿರುತ್ತವೆ. ಆ ಮಿತಿ ಶೇ 2 ಅಂತಿಟ್ಟುಕೊಂಡರೂ 240ರ ಮೇಲೆ 8 ರೂಪಾಯಿ ಅಂದರೆ ಶೇ 3.3, ದಾಟಿಬಿಟ್ಟಿತು. ಬಿಲ್ಲು ಎಂಟ್ರಿ ಆಗುತ್ತದೆ, ಪೇಮೆಂಟ್ ಮಾತ್ರ ತಡೆಯಲ್ಲಿ ಕೂರುತ್ತದೆ. ಸಾಮಾನ್ಯವಾಗಿ ತಡೆ ಬೀಳುವುದು ಇಡೀ ಬಿಲ್ಲಿಗೆ, ಹಾಗಾಗಿಯೇ 480ರ ದುಡ್ಡೂ ಬರಲಿಲ್ಲ.

ಈ ಎರಡು ವ್ಯತ್ಯಾಸಗಳ ಮದ್ದು ಬೇರೆ ಬೇರೆ, ಹೋಗಬೇಕಾದ ಬಾಗಿಲೂ ಬೇರೆ. ದರದ ವಿಷಯದಲ್ಲಿ ಅಕೌಂಟ್ಸ್‌ನವರನ್ನು ಎಷ್ಟು ಕಾಡಿದರೂ ಫಲವಿಲ್ಲ, ಫೋನಿನ ಮಾತನ್ನು ಅವರು ಕಂಡಿಲ್ಲ. ಪರ್ಚೇಸ್‌ನವರು 248ಕ್ಕೆ ಪಿಒ ತಿದ್ದುಪಡಿ ಮಾಡಬೇಕು. ಮಾಡದಿದ್ದರೆ ಆ 8 ರೂಪಾಯಿ ನಿಮಗೆ ಸಿಗುವುದಿಲ್ಲ. ಮುಂದಿನ ಸಲ ತಿದ್ದಿದ ಪಿಒ ಕೈಗೆ ಬರುವವರೆಗೆ ಹೊಸ ದರಕ್ಕೆ ಬಿಲ್ ಮಾಡಬೇಡಿ.

ರಿಜೆಕ್ಟ್ ಆದ 20 ಪೀಸಿಗೆ ಮೊದಲು ಕ್ವಾಲಿಟಿಯವರ ರಿಜೆಕ್ಷನ್ ನೋಟ್ ಕೇಳಿ, ಮಾಲು ವಾಪಸ್ ತರಿಸಿಕೊಳ್ಳಿ, ಆಮೇಲೆ ಜಿಎಸ್‌ಟಿ ಕ್ರೆಡಿಟ್ ನೋಟ್ ಕೊಡಿ. ನಿಮ್ಮ ಬಿಲ್ಲಿನ ದರದಲ್ಲಿ 4,960, ತೆರಿಗೆ ಸೇರಿ 5,852 ರೂಪಾಯಿ 80 ಪೈಸೆ. ಪಿಒ 248ಕ್ಕೆ ತಿದ್ದುಪಡಿಯಾದರೆ ನಿಮಗೆ ಬರಬೇಕಾದ್ದು 1,40,467 ರೂಪಾಯಿ 20 ಪೈಸೆ. ‘ಎಲ್ಲವನ್ನೂ ಲೈನಿನಲ್ಲಿ ಬಳಸಿಯಾಗಿದೆ, ವಾಪಸ್ ಕೊಡೋಕಾಗಲ್ಲ’ ಅಂದರೆ ಅದು ರಿಜೆಕ್ಷನ್ ಹೇಗಾಯಿತು ಅಂತ ಕೇಳುವ ಹಕ್ಕು ನಿಮಗಿದೆ. ಆಗ ಜಿಆರ್‌ಎನ್ ತಿದ್ದಬೇಕಾದವರು ಅವರು.

ಆಚೆ ಬದಿಯಲ್ಲಿ ಕುಳಿತು ಇದನ್ನು ನಡೆಸುವವರಿಗೂ ಒಂದು ಮಾತು. ಮೂರು ಕಾಗದ ತಾಳೆ ನೋಡುವುದಕ್ಕೆ ಬೆಲೆ ಬರುವುದು ಜಿಆರ್‌ಎನ್ ನಿಜವಾದ ಎಣಿಕೆಯಿಂದ ಹುಟ್ಟಿದಾಗ ಮಾತ್ರ. ನಮ್ಮಲ್ಲಿ ಇದಕ್ಕೊಂದು ವಿಶೇಷ ತೊಡಕಿದೆ. ಜಿಎಸ್‌ಟಿ ನಿಯಮದ ಪ್ರಕಾರ ಮಾಲು ಹೊರಡುವ ಹೊತ್ತಿಗೇ ಬಿಲ್ ಆಗಿರಬೇಕು, ಹಾಗಾಗಿ ಬಿಲ್ಲು ಲಾರಿಯಲ್ಲೇ ಬರುತ್ತದೆ. ಸ್ಟೋರ್ಸ್‌ನವನ ಕೈಯಲ್ಲಿ 500 ಅಂತ ಅಚ್ಚಾದ ಕಾಗದ, ಹೊರಗೆ ಇನ್ನೂ ನಾಲ್ಕು ಗಾಡಿ ನಿಂತಿವೆ. ಎಣಿಸದೆಯೇ 500 ಅಂತ ಬರೆದುಬಿಡುತ್ತಾನೆ. ಈಗ ಮೂರೂ ಚೆನ್ನಾಗಿ ಹೊಂದುತ್ತವೆ, ಏಕೆಂದರೆ ಒಂದು ಇನ್ನೊಂದರ ನಕಲು. ಪತ್ತೆ ಹಚ್ಚುವುದು ಕಷ್ಟವಲ್ಲ: ವರ್ಷಪೂರ್ತಿ ಒಂದು ಪೀಸೂ ಕಡಿಮೆ ಬಂದ ದಾಖಲೆಯೇ ಇಲ್ಲದ ಸ್ಟೋರ್ಸ್ ಇದ್ದರೆ, ಅಲ್ಲಿ ಎಣಿಕೆ ನಡೆಯುತ್ತಿಲ್ಲ ಅಂತಲೇ ನನ್ನ ಅನುಮಾನ. ಬಿಲ್ಲಿನ ತಾರೀಖಿನ ನಂತರ ಹುಟ್ಟಿದ ಪಿಒಗಳೂ ಹೀಗೆಯೇ. ಮೊದಲು ತರಿಸಿಕೊಂಡು ಆಮೇಲೆ ಕಾಗದ ಕೂಡಿಸಿದ್ದು, ಅಲ್ಲಿ ತಾಳೆ ಬರೀ ಶಾಸ್ತ್ರ.

ಇನ್ನು ನಿಮ್ಮ ಕೈಯಲ್ಲಿರುವ ಕಾನೂನು. ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಘಟಕ ನಿಮ್ಮದಾದರೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಅನ್ವಯಿಸುತ್ತದೆ. ಲಿಖಿತ ಒಪ್ಪಂದದಲ್ಲಿ ಎಷ್ಟೇ ದಿನ ಅಂತ ಬರೆದಿರಲಿ, ಮಾಲು ಒಪ್ಪಿಕೊಂಡ ದಿನದಿಂದ 45 ದಿನ ಮೀರುವಂತಿಲ್ಲ. ಒಪ್ಪಂದದಲ್ಲಿ ಗಡುವೇ ಇಲ್ಲದಿದ್ದರೆ 15 ದಿನ. ಮಾಲು ತಲುಪಿದ 15 ದಿನದೊಳಗೆ ಅವರು ಲಿಖಿತವಾಗಿ ತಕರಾರು ಮಾಡದಿದ್ದರೆ, ತಲುಪಿದ ದಿನವೇ ಒಪ್ಪಿಕೊಂಡ ದಿನ ಅಂತ ಕಾಯ್ದೆ ಎಣಿಸುತ್ತದೆ. ನಿಮ್ಮ ವಿಷಯದಲ್ಲಿ ಇದೇ ಮುಖ್ಯ: 20 ಪೀಸಿನ ಬಗ್ಗೆ ನಿಮಗೆ ಆ ಅವಧಿಯಲ್ಲಿ ಒಂದು ಇಮೇಲಾದರೂ ಬಂದಿತ್ತೇ ಹುಡುಕಿ. ಬಂದಿಲ್ಲವಾದರೆ ಅವರ ಕಂಪ್ಯೂಟರಿನಲ್ಲಿ ಬ್ಲಾಕ್ ಆಗಿದೆ ಅನ್ನುವುದರಿಂದ ಗಡುವು ನಿಲ್ಲುವುದಿಲ್ಲ. ಗಡುವು ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ.

ಬಡ್ಡಿಯ ಮಾತೆತ್ತಿದರೆ ಮುಂದಿನ ಆರ್ಡರ್ ಬರುವುದಿಲ್ಲ ಅನ್ನುವ ಭಯ ನನಗೂ ಗೊತ್ತು. ಹಾಗಾಗಿ ಮೊದಲು ಪರ್ಚೇಸ್ ಮತ್ತು ಅಕೌಂಟ್ಸ್ ಇಬ್ಬರಿಗೂ ಒಂದೇ ಇಮೇಲ್ ಹಾಕಿ. ಪಿಒ ನಂಬರು, ಜಿಆರ್‌ಎನ್ ನಂಬರು, ಬಿಲ್ ನಂಬರು ಮೂರೂ ಅದರಲ್ಲಿರಲಿ. ತಡೆ ದರದ್ದೋ, ಸಂಖ್ಯೆಯದ್ದೋ, ಎರಡೂನೋ ಅಂತ ಬರಹದಲ್ಲಿ ಕೇಳಿ, ಉದ್ಯಮ್ ಪ್ರಮಾಣಪತ್ರ ಲಗತ್ತಿಸಿ. ತಡೆ ತೆಗೆದ ಮರುದಿನವೇ ದುಡ್ಡು ಬರದಿದ್ದರೆ ಗಾಬರಿಯಾಗಬೇಡಿ. ಎಷ್ಟೋ ಕಂಪನಿಗಳು ವಾರಕ್ಕೊಂದು ಗೊತ್ತಾದ ದಿನ ಮಾತ್ರ ಪೇಮೆಂಟ್ ಪಟ್ಟಿ ಬ್ಯಾಂಕಿಗೆ ಕಳಿಸುತ್ತವೆ. ಆ ದಿನ ಯಾವುದು, ಪಟ್ಟಿ ಎಷ್ಟು ಗಂಟೆಗೆ ಮುಚ್ಚುತ್ತದೆ ಅಂತಲೂ ಅದೇ ಇಮೇಲಿನಲ್ಲಿ ಕೇಳಿಬಿಡಿ.